ಜೆಟ್ ಲ್ಯಾಗ್‌ಗೆ ಮೆಲಟೋನಿನ್: ಎಷ್ಟು, ಎಷ್ಟು ಗಂಟೆಗೆ, ಮಕ್ಕಳಿಗೆ ಯಾಕೆ ಬೇಡ

ಡಿಸೆಂಬರ್ ಬಂತೆಂದರೆ ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಮೆಲಟೋನಿನ್ ಕೇಳುವವರು ಜಾಸ್ತಿಯಾಗುತ್ತಾರೆ. ವಿದೇಶದಿಂದ ರಜೆಗೆ ಬಂದವರು ಕೆಲವರು, ಅವರ ಅಪ್ಪ-ಅಮ್ಮಂದಿರು ಕೆಲವರು. ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಸಾರ್, ಮಗಳು ಅಳಿಯ ಲಂಡನ್ನಿಂದ ಬರ್ತಿದಾರೆ. ನಿದ್ದೆ ಮಾತ್ರೆ ಅದೇನೋ ಮೆಲಟೋನಿನ್ ಅಂತೆ, ಹತ್ತು ಎಂಜಿದು ಒಂದು ಶೀಟ್ ಕೊಡಿ. ಮೊಮ್ಮಗೂಗೆ ಅರ್ಧ ಕೊಟ್ರೆ ಸಾಕಲ್ವಾ?"

ಎಷ್ಟು ಗಂಟೆಗೆ ತಗೋಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಈ ಮಾತ್ರೆಯ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಹತ್ತು ಎಂಜಿ ಬೇಕಾಗಿಲ್ಲ, ಮಗುವಿಗೆ ಅರ್ಧವೂ ಬೇಡ. ಆದರೆ ಜೆಟ್ ಲ್ಯಾಗ್‌ಗೆ, ಅಂದರೆ ದೂರದ ವಿಮಾನ ಪ್ರಯಾಣದ ನಂತರ ದೇಹದ ಗಡಿಯಾರ ಹೊಸ ಊರಿನ ಸಮಯಕ್ಕೆ ಹೊಂದದೆ ನಿದ್ದೆ ಕೆಡುವುದಕ್ಕೆ, ಸರಿಯಾದ ಹೊತ್ತಿಗೆ ಒಂದು ಚೂರು ತಗೊಂಡರೆ ದೊಡ್ಡವರಿಗೆ ಕೆಲಸ ಮಾಡುತ್ತದೆ. ಲಂಡನ್ನಿಂದ ಬೆಂಗಳೂರಿಗೆ ಬರುವ ಒಂದು ಕುಟುಂಬವನ್ನೇ ಇಟ್ಟುಕೊಂಡು ಇದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಇದು ಮಾಡುವ ಕೆಲಸ ಏನು

ಮೆಲಟೋನಿನ್ ನಮ್ಮ ಮೆದುಳಿನ ಒಳಗಿರುವ ಪೀನಿಯಲ್ ಎಂಬ ಸಣ್ಣ ಗ್ರಂಥಿಯಲ್ಲಿ ತಯಾರಾಗುವ ಹಾರ್ಮೋನು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಇದನ್ನು ದನದ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿದರು. ಅವರು ಚರ್ಮರೋಗದ ಡಾಕ್ಟರು, ಹುಡುಕುತ್ತಿದ್ದದ್ದು ಚರ್ಮದ ಬಣ್ಣ ಬದಲಿಸುವ ವಸ್ತುವನ್ನು. ನಿದ್ದೆಗೆ ಇದರ ನಂಟಿರುವುದು ಆಮೇಲೆ ಗೊತ್ತಾದದ್ದು.

ರಾತ್ರಿ ಹನ್ನೊಂದಕ್ಕೆ ಮಲಗುವವರ ದೇಹದಲ್ಲಿ ಸುಮಾರು ಒಂಬತ್ತು ಗಂಟೆಗೆ ಮೆಲಟೋನಿನ್ ಏರಲು ಶುರುವಾಗುತ್ತದೆ. ರಾತ್ರಿಯಿಡೀ ಮೇಲೇ ಇದ್ದು ಬೆಳಿಗ್ಗೆ ಇಳಿಯುತ್ತದೆ. ಕಣ್ಣಿಗೆ ಜೋರು ಬೆಳಕು ಬಿದ್ದರೆ ತಯಾರಾಗುವುದು ನಿಲ್ಲುತ್ತದೆ. ಅಂದರೆ ದೇಹಕ್ಕೆ "ಕತ್ತಲಾಯಿತು" ಅಂತ ತಿಳಿಸುವುದು ಇದರ ಕೆಲಸ. ನಿದ್ದೆಮಾತ್ರೆಗಳ ಹಾಗೆ ಇದು ಎಳೆದು ಮಲಗಿಸುವುದಿಲ್ಲ. ಸ್ವಲ್ಪ ತೂಕಡಿಕೆ ತರುತ್ತದೆ, ಅಷ್ಟೇ. ಇದರ ನಿಜವಾದ ಶಕ್ತಿ ಇರುವುದು ದೇಹದ ಗಡಿಯಾರವನ್ನು ಹಿಂದೆ ಮುಂದೆ ಸರಿಸುವುದರಲ್ಲಿ. ಸಂಜೆ ಹೊತ್ತು ತಗೊಂಡರೆ ಗಡಿಯಾರ ಮುಂದಕ್ಕೆ ಹೋಗುತ್ತದೆ, ಮಾರನೇ ದಿನ ಬೇಗ ನಿದ್ದೆ ಬರುತ್ತದೆ. ಬೆಳಗಿನ ಹೊತ್ತು ತಗೊಂಡರೆ ಉಲ್ಟಾ, ಗಡಿಯಾರ ಇನ್ನೂ ತಡವಾಗುತ್ತದೆ. ಇಲ್ಲಿ ಸಂಜೆ, ಬೆಳಿಗ್ಗೆ ಅಂದರೆ ಗೋಡೆ ಗಡಿಯಾರದ್ದಲ್ಲ, ನಿಮ್ಮ ದೇಹದ್ದು. ಒಂದೇ ಮಾತ್ರೆ ಒಬ್ಬರಿಗೆ ಒಳ್ಳೆಯದು ಮಾಡಿ ಇನ್ನೊಬ್ಬರಿಗೆ ಜೆಟ್ ಲ್ಯಾಗ್ ಎರಡು ದಿನ ಎಳೆಯುವುದು ಇದರಿಂದಲೇ.

ಮೊದಲ ಹೆಜ್ಜೆ: ನಿಮ್ಮ ದೇಹದಲ್ಲಿ ಈಗ ಎಷ್ಟು ಗಂಟೆ?

ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು. ಲಂಡನ್ನಿನಲ್ಲಿ ದೊಡ್ಡವರು ಹನ್ನೊಂದಕ್ಕೆ ಮಲಗಿ ಏಳಕ್ಕೆ ಏಳುತ್ತಾರೆ, ಮಗು ಎಂಟಕ್ಕೆ ಮಲಗುತ್ತದೆ. ಡಿಸೆಂಬರಿನಲ್ಲಿ ನಮ್ಮ ಸಮಯ ಲಂಡನ್ನಿಗಿಂತ ಐದೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಅವರು ಗಡಿಯಾರ ಬದಲಿಸುವುದರಿಂದ ನಾಲ್ಕೂವರೆ ಗಂಟೆ.

ಒಂದು ಹಾಳೆ ತಗೊಂಡು ಮೂರು ಸಮಯ ಬರೆದುಕೊಳ್ಳಿ. ಒಂದು, ಲಂಡನ್ನಿನಲ್ಲಿ ಮಲಗುವ ಸಮಯ: ರಾತ್ರಿ 11. ಇದು ಬೆಂಗಳೂರಿನ ಬೆಳಗಿನ ಜಾವ 4.30. ಎರಡು, ದೇಹದಲ್ಲಿ ಮೆಲಟೋನಿನ್ ಏರಲು ಶುರುವಾಗುವ ಸಮಯ. ಮಲಗುವುದಕ್ಕೆ ಎರಡು ಗಂಟೆ ಮೊದಲು ಅಂತ ಇಟ್ಟುಕೊಂಡರೆ ಲಂಡನ್ನಿನ ರಾತ್ರಿ 9, ಬೆಂಗಳೂರಿನ ರಾತ್ರಿ 2.30. ಮೂರು, ದೇಹದ ನಡುರಾತ್ರಿ. ದೇಹದ ಬಿಸಿ ಅತಿ ಕಡಿಮೆ ಇರುವ ಹೊತ್ತು ಅದು, ಎದ್ದೇಳುವುದಕ್ಕೆ ಎರಡು-ಮೂರು ಗಂಟೆ ಮೊದಲು ಬರುತ್ತದೆ. ಇವರಿಗೆ ಲಂಡನ್ನಿನ 4.30, ಅಂದರೆ ಬೆಂಗಳೂರಿನ ಬೆಳಿಗ್ಗೆ 10.

ಈ ಮೂರನೆಯದು ತುಂಬಾ ಮುಖ್ಯ. ಬೆಳಕು ಗಡಿಯಾರವನ್ನು ಯಾವ ಕಡೆಗೆ ತಳ್ಳುತ್ತದೆ ಎಂಬುದು ಇದರ ಮೇಲೆ ನಿಂತಿದೆ. ಈ ಹೊತ್ತಿಗಿಂತ ಮೊದಲು ಕಣ್ಣಿಗೆ ಬೀಳುವ ಬೆಳಕು ಗಡಿಯಾರವನ್ನು ತಡ ಮಾಡುತ್ತದೆ, ನಂತರ ಬೀಳುವ ಬೆಳಕು ಬೇಗ ಮಾಡುತ್ತದೆ. ಲಂಡನ್ನಿಂದ ಬಂದವರಿಗೆ ಬೇಕಾದದ್ದು ಬೇಗ ಮಾಡುವುದು. ಹಾಗಾಗಿ ಬಂದ ದಿನ ಬೆಳಿಗ್ಗೆ ಏಳು ಗಂಟೆಯ ಎಳೆಬಿಸಿಲು ಅವರ ಪಾಲಿಗೆ ಶತ್ರು, ಹತ್ತರ ನಂತರದ ಬಿಸಿಲು ಮಿತ್ರ. "ಬಂದ ತಕ್ಷಣ ಬೆಳಗಿನ ಬಿಸಿಲಿಗೆ ಹೋಗಿ" ಅಂತ ಎಲ್ಲರೂ ಹೇಳುವ ಸಲಹೆ ಇಲ್ಲಿ ತಪ್ಪುವುದು ಇದಕ್ಕೇ.

ಎರಡನೇ ಹೆಜ್ಜೆ: ಎಷ್ಟು ಎಂಜಿ

ಅರ್ಧ ಎಂಜಿಯಿಂದ ಒಂದು ಎಂಜಿ ಸಾಕು. ಕೇಳಿದವರಿಗೆ ಇದನ್ನು ನಂಬುವುದು ಕಷ್ಟ, ಯಾಕೆಂದರೆ ಕಪಾಟಿನಲ್ಲಿ ಕಾಣುವುದು 3, 5, 10 ಎಂಜಿ. ಆದರೆ 0.3 ಎಂಜಿಯಷ್ಟು ನುಂಗಿದರೇ ರಕ್ತದಲ್ಲಿ ಮೆಲಟೋನಿನ್ ಮಟ್ಟ ಸಹಜವಾಗಿ ರಾತ್ರಿ ಇರುವಷ್ಟಕ್ಕೆ ಏರುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವತ್ತು ದಾಟಿದ, ನಿದ್ದೆ ಸರಿಯಿಲ್ಲದ ಜನರಿಗೆ 0.1, 0.3 ಮತ್ತು 3 ಎಂಜಿ ಕೊಟ್ಟು ನೋಡಿದರು. ನಿದ್ದೆಗೆ ಹೆಚ್ಚು ಅನುಕೂಲವಾದದ್ದು 0.3. ಮೂರು ಎಂಜಿ ತಗೊಂಡವರಲ್ಲಿ ದೇಹದ ಬಿಸಿ ಇಳಿಯಿತು, ಹಗಲು ಹೊತ್ತಿಗೂ ಮೆಲಟೋನಿನ್ ರಕ್ತದಲ್ಲಿ ಉಳಿಯಿತು.

ಜೆಟ್ ಲ್ಯಾಗ್ ಬಗ್ಗೆಯೇ ನಡೆದ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರಿಶೀಲನೆ 2002ರಲ್ಲಿ ಬಂತು. ಐದು ಅಥವಾ ಹೆಚ್ಚು ಗಂಟೆಗಳ ವ್ಯತ್ಯಾಸ ದಾಟಿದವರಿಗೆ, ಹೋದ ಊರಿನ ಮಲಗುವ ಹೊತ್ತಿಗೆ ತಗೊಂಡರೆ, ಮೆಲಟೋನಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅದು ಹೇಳಿತು. ಅರ್ಧ ಎಂಜಿಗೂ ಐದು ಎಂಜಿಗೂ ಜೆಟ್ ಲ್ಯಾಗ್ ಕಡಿಮೆ ಮಾಡುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಐದು ಎಂಜಿಯಲ್ಲಿ ನಿದ್ದೆ ಸ್ವಲ್ಪ ಬೇಗ ಹತ್ತುತ್ತದೆ. ಐದಕ್ಕಿಂತ ಮೇಲೆ ಹೋದರೆ ಹೆಚ್ಚಿನ ಲಾಭ ಇಲ್ಲ. ಜಾಸ್ತಿ ತಗೊಂಡರೆ ತೊಂದರೆ ಬೇರೆ ಇದೆ. ಬೆಳಿಗ್ಗೆ ತಲೆ ಭಾರ, ತಲೆನೋವು, ವಿಚಿತ್ರ ಕನಸು. ಸಂಜೆ ಸಾಕಾಗಬೇಕಿದ್ದ ಮೆಲಟೋನಿನ್ ಬೆಳಗಿನವರೆಗೂ ಉಳಿದರೆ ಗಡಿಯಾರವನ್ನು ಬೇಡದ ಕಡೆಗೂ ಎಳೆಯುತ್ತದೆ.

ಅಂಗಡಿಯಲ್ಲಿ 3 ಎಂಜಿಯ ಸಾದಾ ಮಾತ್ರೆ ಕೇಳಿ. ಶೀಟಿನ ಮೇಲೆ ಎಸ್‌ಆರ್ ಅಥವಾ ಪಿಆರ್ ಅಂತ ಇದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಜೆಟ್ ಲ್ಯಾಗ್‌ಗೆ ಅದು ಬೇಡ, ಅದನ್ನು ಮುರಿಯಲೂಬಾರದು. ಸಾದಾ ಮಾತ್ರೆಯನ್ನು ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿಯಲ್ಲಿಟ್ಟು ಮೊದಲು ಎರಡು ಮಾಡಿ, ಆಮೇಲೆ ಒಂದೊಂದು ಹೋಳನ್ನೂ ಮತ್ತೆ ಎರಡು ಮಾಡಿ. ಕಾಲು ಭಾಗ ಅಂದರೆ ಮುಕ್ಕಾಲು ಎಂಜಿ. ತುಂಡುಗಳು ಒಂದು ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಅಡುಗೆಮನೆ ಚಾಕುವಿನಲ್ಲಿ ಕತ್ತರಿಸಲು ಹೋದರೆ ಮಾತ್ರ ಅರ್ಧ ಪುಡಿಯಾಗಿ ಹಾರಿಹೋಗುತ್ತದೆ.

ಗಮ್ಮಿ ತಗೋಬೇಡಿ. ಮೆಲಟೋನಿನ್ ಸೇರಿಸಿದ ಜೆಲ್ಲಿಗಳಿಗೆ ಹೀಗನ್ನುತ್ತಾರೆ. ಲೇಬಲ್ಲಿನಲ್ಲಿ ಬರೆದದ್ದಕ್ಕೂ ಒಳಗೆ ಇರುವುದಕ್ಕೂ ತಾಳೆಯಾಗದಿರುವುದು ಇದರಲ್ಲಿ ದೊಡ್ಡ ಸಮಸ್ಯೆ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷೆ ಮಾಡಿದಾಗ 22ರ ಲೇಬಲ್ ತಪ್ಪಿತ್ತು. ಒಂದರಲ್ಲಿ ಬರೆದದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಮೆಲಟೋನಿನ್ ಇತ್ತು. ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಅಲ್ಲಿ ಇದು ಔಷಧಿಯ ಲೆಕ್ಕದಲ್ಲಿ ಬರುವುದಿಲ್ಲ, ಆಹಾರ ಪೂರಕ ಅಂತ ಸೂಪರ್ ಮಾರ್ಕೆಟ್ಟಿನಲ್ಲಿ ಮಾರುತ್ತಾರೆ. ಬ್ರಿಟನ್ನಿನಲ್ಲಾದರೆ ಡಾಕ್ಟರ ಚೀಟಿ ಬೇಕು. ಅಲ್ಲಿರುವವರು ಅಮೆರಿಕದ ಗೆಳೆಯರಿಂದ ಬಾಟಲಿ ತರಿಸಿಕೊಳ್ಳುವುದು ಇದರಿಂದಲೇ. ಚೀಟಿ ಬರೆಸಿಕೊಂಡು ಬ್ಯಾಚ್ ನಂಬರ್ ಇರುವ ಮಾತ್ರೆ ತಗೊಳ್ಳುವುದು ನನ್ನ ಪ್ರಕಾರ ಆ ಬಾಟಲಿಗಿಂತ ನೂರು ಪಾಲು ಮೇಲು.

ಮೂರನೇ ಹೆಜ್ಜೆ: ತಗೋಬಾರದವರು ಯಾರು

ಇದನ್ನು ಓದದೆ ಮುಂದೆ ಹೋಗಬೇಡಿ. ಗರ್ಭಿಣಿಯರು, ಎದೆಹಾಲು ಕೊಡುವವರು ಬೇಡ. ಫಿಟ್ಸ್ ಇರುವವರು, ರುಮಟಾಯ್ಡ್ ಆರ್ಥ್ರೈಟಿಸ್‌ನಂಥ ಆಟೋಇಮ್ಯೂನ್ ಕಾಯಿಲೆ ಇರುವವರು ತಮ್ಮ ಡಾಕ್ಟರನ್ನು ಕೇಳದೆ ತಗೋಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಿಗೂ ಇದೇ ಮಾತು. ಫ್ಲುವೊಕ್ಸಮಿನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆಯ ಜೊತೆ ಮೆಲಟೋನಿನ್ ತಗೊಂಡರೆ ರಕ್ತದಲ್ಲಿ ಮೆಲಟೋನಿನ್ ಮಟ್ಟ ಹಲವು ಪಟ್ಟು ಏರುತ್ತದೆ, ಇವೆರಡು ಜೊತೆಗೆ ಬೇಡವೇ ಬೇಡ. ಬಿಪಿಗೆ ನಿಫೆಡಿಪಿನ್ ತಗೊಳ್ಳುತ್ತಿದ್ದವರಲ್ಲಿ ಮೆಲಟೋನಿನ್ ಬಿಪಿ ಏರಿಸಿದ್ದು ಕಂಡಿದೆ.

ಸಕ್ಕರೆ ಕಾಯಿಲೆ ಇರುವವರು ಒಂದು ವಿಷಯ ಗಮನದಲ್ಲಿಡಿ. ಮೆಲಟೋನಿನ್ ಜಾಸ್ತಿ ಇರುವ ಹೊತ್ತಿಗೆ ಊಟ ಮಾಡಿದರೆ ರಕ್ತದ ಸಕ್ಕರೆ ಮಾಮೂಲಿಗಿಂತ ಹೆಚ್ಚು ಏರಬಹುದು. ನಮ್ಮ ಮನೆಗಳಲ್ಲಿ ನೆಂಟರು ಬಂದಾಗ ಊಟ ಹತ್ತು ಗಂಟೆಗೆ ಜಾರುವುದು ಮಾಮೂಲು. ಊಟವಾಗಿ ಎರಡು ಗಂಟೆ ಬಿಟ್ಟು ಮಾತ್ರೆ ತಗೊಳ್ಳಿ. ಕಾಯಿಲೆ ಇಲ್ಲದವರಿಗೂ ಇದು ಒಳ್ಳೆಯದೇ.

ಮಾತ್ರೆ ತಗೊಂಡ ಮೇಲೆ ಕಾರು, ಬೈಕು ಓಡಿಸಬೇಡಿ. ಡ್ರಿಂಕ್ಸ್ ಜೊತೆ ಬೇಡ. ಮೊದಲ ಸಲ ತಗೊಳ್ಳುವವರು ವಿಮಾನದಲ್ಲಿ ಪ್ರಯೋಗ ಮಾಡದೆ, ಹೊರಡುವ ವಾರಕ್ಕೆ ಮೊದಲೇ ಮನೆಯಲ್ಲಿ ಒಂದು ರಾತ್ರಿ ತಗೊಂಡು ಮೈಗೆ ಒಗ್ಗುತ್ತದೆಯೇ ನೋಡಿ.

ನಾಲ್ಕನೇ ಹೆಜ್ಜೆ: ದಿನದಿನದ ಲೆಕ್ಕ

ವಿಮಾನ ಲಂಡನ್ನಿನಿಂದ ಮಧ್ಯಾಹ್ನ ಒಂದೂವರೆಗೆ ಹೊರಟಿತು ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಆಗ ಸಂಜೆ ಏಳು. ಹತ್ತಿದ ಕೂಡಲೇ ಕೈಗಡಿಯಾರವನ್ನು ನಮ್ಮ ಸಮಯಕ್ಕೆ ತಿರುಗಿಸಿ. ಅದರಲ್ಲಿ ಹತ್ತು ಗಂಟೆಯಾದಾಗ ದೊಡ್ಡವರಲ್ಲಿ ಒಬ್ಬರು ಬೇಕಾದರೆ ಕಾಲು ಮಾತ್ರೆ ತಗೊಂಡು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಬಹುದು. ಇನ್ನೊಬ್ಬರು ಬೇಡ. ಮಗು ಜೊತೆಗಿರುವಾಗ ಒಬ್ಬರಾದರೂ ಎಚ್ಚರವಾಗಿರಲೇಬೇಕು.

ಬೆಳಗಿನ ಜಾವ ಐದಕ್ಕೆ ದೇವನಹಳ್ಳಿಯಲ್ಲಿ ಇಳಿಯುತ್ತಾರೆ. ದೇಹದಲ್ಲಿ ಆಗಿನ್ನೂ ರಾತ್ರಿ ಹನ್ನೊಂದೂವರೆ. ಸಾಮಾನು ತಗೊಂಡು ಹೊರಗೆ ಬಂದು ಟ್ಯಾಕ್ಸಿ ಹತ್ತುವ ಹೊತ್ತಿಗೆ ಬೆಳಕು ಹರಿಯುತ್ತದೆ. ಕಪ್ಪು ಕನ್ನಡಕ ಹಾಕಿಕೊಳ್ಳಿ, ಇದು ತಡ ಮಾಡುವ ಬೆಳಕು. ಮನೆ ಸೇರಿ ಕಾಫಿ ಬಿಟ್ಟು ಏನಾದರೂ ತಿಂದು, ಪರದೆ ಎಳೆದು, ಒಂಬತ್ತೂವರೆಗೆ ಅಲಾರಂ ಇಟ್ಟು ಮಲಗಿ. ಈ ಹೊತ್ತಿಗೆ ಮೆಲಟೋನಿನ್ ತಗೋಬೇಡಿ. ಜನ ತಪ್ಪುವುದು ಇಲ್ಲೇ. "ರಾತ್ರಿಯೆಲ್ಲ ನಿದ್ದೆ ಆಗಿಲ್ಲ, ಒಂದು ಮಾತ್ರೆ ನುಂಗಿ ಮಲಗೋಣ" ಅಂತ ಬೆಳಿಗ್ಗೆ ತಗೊಂಡರೆ ಗಡಿಯಾರ ಲಂಡನ್ನಿಗಿಂತಲೂ ಆಚೆ ಸರಿಯಲು ನೋಡುತ್ತದೆ.

ಅಲಾರಂ ಹೊಡೆದಾಗ ಎದ್ದೇಳುವುದು ಕಷ್ಟ. ದೇಹಕ್ಕೆ ಅದು ನಸುಕಿನ ನಾಲ್ಕು ಗಂಟೆ. ಆದರೂ ಎದ್ದು ಮುಖ ತೊಳೆದು ಹತ್ತರ ನಂತರ ಹೊರಗೆ ಬನ್ನಿ. ಟೆರೇಸು, ಪಾರ್ಕು, ತರಕಾರಿ ಅಂಗಡಿ, ಎಲ್ಲಾದರೂ ಸರಿ. ಹತ್ತರಿಂದ ಒಂದರವರೆಗೆ ಆದಷ್ಟು ಬಯಲಲ್ಲಿ ಇರಿ, ಕನ್ನಡಕ ಬೇಡ. ಕಾಫಿ ಈಗ ಕುಡಿಯಬಹುದು, ಮಧ್ಯಾಹ್ನ ಎರಡರ ಮೇಲೆ ಬೇಡ. ಮಧ್ಯಾಹ್ನದ ಊಟದ ನಂತರ ಮಲಗಲೇಬೇಕು ಅನ್ನಿಸಿದರೆ ಅರ್ಧ ಗಂಟೆ ಸಾಕು.

ರಾತ್ರಿ ಎಂಟರೊಳಗೆ ಊಟ ಮುಗಿಸಿ. ಹತ್ತಕ್ಕೆ ಕಾಲು ಮಾತ್ರೆ, ದೀಪ ಮಂದ, ಫೋನ್ ಬೇರೆ ಕೋಣೆಯಲ್ಲಿ. ಹತ್ತೂವರೆ-ಹನ್ನೊಂದಕ್ಕೆ ಹಾಸಿಗೆ. ದೇಹಕ್ಕೆ ಆಗ ಸಂಜೆ ಐದು-ಐದೂವರೆ. ಸಹಜ ಮೆಲಟೋನಿನ್ ಬರಲು ಇನ್ನೂ ನಾಲ್ಕು ಗಂಟೆ ಇದೆ. ಗಡಿಯಾರವನ್ನು ಮುಂದಕ್ಕೆ ತಳ್ಳಲು ಇದು ಸರಿಯಾದ ಹೊತ್ತು. ಮೂರು ಎಂಜಿಯಷ್ಟು ದೊಡ್ಡ ಡೋಸು ಸಹಜ ಏರಿಕೆಗೆ ಐದು ಗಂಟೆ ಮೊದಲು ತಗೊಂಡಾಗ ಹೆಚ್ಚು ತಳ್ಳುತ್ತದೆ, ಅರ್ಧ ಎಂಜಿಯಂಥ ಸಣ್ಣ ಡೋಸು ಎರಡು-ಮೂರು ಗಂಟೆ ಮೊದಲು ತಗೊಂಡಾಗ. ತಳ್ಳುವ ದೂರ ಎರಡರದೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬೇಕಾದರೆ ಮೊದಲ ರಾತ್ರಿ ಮಾತ್ರ ಅರ್ಧ ಮಾತ್ರೆ ತಗೊಂಡು, ಎರಡನೇ ರಾತ್ರಿಯಿಂದ ಕಾಲಿಗೆ ಇಳಿಯಬಹುದು.

ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾದರೆ ಗಾಬರಿ ಬೇಡ, ಇನ್ನೊಂದು ಮಾತ್ರೆಯೂ ಬೇಡ. ದೇಹದ ಸ್ವಂತ ಮೆಲಟೋನಿನ್ ಏರುವ ಹೊತ್ತು ಅದು. ದೀಪ ಹಾಕದೆ ಮಲಗಿದ್ದರೆ ಮತ್ತೆ ನಿದ್ದೆ ಹತ್ತುತ್ತದೆ.

ಪೂರ್ವದ ಕಡೆ ಬಂದಾಗ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಸರಿಯುತ್ತದೆ. ಹಾಗಾಗಿ ಬೆಳಕಿನ ಗೆರೆಯನ್ನೂ ದಿನಕ್ಕೆ ಒಂದು ಗಂಟೆ ಹಿಂದಕ್ಕೆ ತನ್ನಿ. ಎರಡನೇ ದಿನ ಒಂಬತ್ತರ ನಂತರ ಬಿಸಿಲು, ಮೂರನೇ ದಿನ ಎಂಟರ ನಂತರ, ನಾಲ್ಕನೇ ದಿನ ಏಳರ ನಂತರ. ಮಾತ್ರೆಯ ಹೊತ್ತು ಮಾತ್ರ ಬದಲಾಗದು, ರಾತ್ರಿ ಹತ್ತೇ. ನಾಲ್ಕು ಅಥವಾ ಐದು ರಾತ್ರಿಗೆ ನಿಲ್ಲಿಸಿ. ರಾತ್ರಿ ಹನ್ನೊಂದಕ್ಕೆ ತಾನಾಗಿ ಆಕಳಿಕೆ ಬಂತು, ಮಧ್ಯಾಹ್ನ ಕಣ್ಣು ಎಳೆಯುವುದು ನಿಂತಿತು ಅಂದರೆ ಗಡಿಯಾರ ಸರಿಹೋಯಿತು ಅಂತಲೇ ಲೆಕ್ಕ. ಮೂರನೇ ದಿನಕ್ಕೂ ಬೆಳಗಿನ ಜಾವ ನಾಲ್ಕರವರೆಗೆ ನಿದ್ದೆ ಬರುತ್ತಿಲ್ಲ, ಎದ್ದೇಳುವುದು ಮಧ್ಯಾಹ್ನ ಹನ್ನೆರಡಕ್ಕೆ ಅಂತಾದರೆ ಬೆಳಗಿನ ಬೆಳಕು ಬೇಗ ಬಿದ್ದಿದೆ, ಇಲ್ಲವೇ ಹಗಲು ನಿದ್ದೆ ಜಾಸ್ತಿಯಾಗಿದೆ. ಮಾತ್ರೆ ಹೆಚ್ಚಿಸಬೇಡಿ, ಅದೆರಡನ್ನು ಸರಿಮಾಡಿ.

ವಾಪಸ್ ಲಂಡನ್ನಿಗೆ ಹೋಗುವಾಗ ಲೆಕ್ಕ ತಿರುಗುತ್ತದೆ. ಸಂಜೆ ಐದಕ್ಕೇ ಕಣ್ಣು ಮುಚ್ಚುತ್ತದೆ, ನಸುಕಿಗೆ ಎರಡು-ಮೂರಕ್ಕೆ ಎಚ್ಚರವಾಗುತ್ತದೆ. ಮಲಗುವ ಹೊತ್ತಿಗೆ ದೇಹದಲ್ಲಿ ಮೆಲಟೋನಿನ್ ಆಗಲೇ ತುಂಬಿರುವುದರಿಂದ ಮಾತ್ರೆ ಬೇಕಾಗುವುದಿಲ್ಲ. ಸಂಜೆ ಮನೆಯ ದೀಪಗಳನ್ನೆಲ್ಲ ಹಾಕಿ, ಓಡಾಡಿಕೊಂಡು, ರಾತ್ರಿ ಒಂಬತ್ತೂವರೆ-ಹತ್ತರವರೆಗೆ ಎಳೆದರೆ ಸಾಕು. ಪಶ್ಚಿಮದ ಕಡೆ ದೇಹ ಹೇಗೂ ಬೇಗ ಹೊಂದಿಕೊಳ್ಳುತ್ತದೆ.

ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವವರ ಲೆಕ್ಕ ಬೇರೆ. ಅಲ್ಲಿಗೂ ನಮಗೂ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಪೂರ್ತಿ ಅದಲುಬದಲು. ಅಲ್ಲಿನ ಮಲಗುವ ಹೊತ್ತು ದೇಹಕ್ಕೆ ಬೆಳಿಗ್ಗೆ ಹನ್ನೊಂದು-ಹನ್ನೆರಡು ಗಂಟೆ. ಆಗ ಒಂದರಿಂದ ಮೂರು ಎಂಜಿ ತಗೊಂಡರೆ ಸ್ವಲ್ಪ ತೂಕಡಿಕೆ ಬರುತ್ತದೆ, ಗಡಿಯಾರವೂ ತಡವಾಗುವ ಕಡೆಗೆ ಸರಿಯುತ್ತದೆ. ಹೆಚ್ಚಿನವರ ದೇಹ ಹೋಗುವುದೂ ಅದೇ ದಾರಿಯಲ್ಲಿ. ಮೊದಲ ಎರಡು ದಿನ ಅಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಬಯಲಲ್ಲಿರಿ, ಇಳಿಬಿಸಿಲಿಗೆ ಕಪ್ಪು ಕನ್ನಡಕ ಹಾಕಿ. ಪೂರ್ತಿ ಸರಿಹೋಗಲು ಒಂದು ವಾರಕ್ಕೂ ಹೆಚ್ಚು ಬೇಕು. ಎಷ್ಟು ಮಾತ್ರೆ ನುಂಗಿದರೂ ಅದು ಎರಡು ದಿನಕ್ಕೆ ಇಳಿಯದು.

ಐದನೇ ಹೆಜ್ಜೆ: ಜೊತೆಗಿರುವ ಮಗು

ನಾಲ್ಕು ವರ್ಷದ ಮಗುವಿಗೆ ಜೆಟ್ ಲ್ಯಾಗ್‌ಗಾಗಿ ಮೆಲಟೋನಿನ್ ಕೊಡಬೇಡಿ. ಐದಾರು ದಿನದಲ್ಲಿ ತಾನಾಗಿ ಸರಿಹೋಗುವ ತೊಂದರೆಗೆ ಹಾರ್ಮೋನು ಬೇಕಿಲ್ಲ. ಬಂದ ಮೊದಲ ರಾತ್ರಿ ಮಗು ಒಂದೂವರೆಯವರೆಗೆ ಆಡಿಕೊಂಡಿರುತ್ತದೆ, ಯಾಕೆಂದರೆ ಲಂಡನ್ನಿನ ರಾತ್ರಿ ಎಂಟು ಅಂದರೆ ಇಲ್ಲಿ ಒಂದೂವರೆ. ಅಜ್ಜಿ ತಾತನಿಗೆ ಮೊದಲೇ ಹೇಳಿಡಿ. "ಮಗೂಗೆ ಏನೋ ಆಗಿದೆ, ಏನಾದ್ರೂ ಔಷಧಿ ಕೊಡಿ" ಎನ್ನುವ ಒತ್ತಡ ಬರುವುದು ಆ ರಾತ್ರಿಯೇ.

ಮೊದಲ ದಿನ ಮಗುವನ್ನು ಬೆಳಿಗ್ಗೆ ಹತ್ತಕ್ಕೆ ಎಬ್ಬಿಸಿ. ಅಳುತ್ತದೆ, ಆದರೂ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ. ದಿನಕ್ಕೆ ಒಂದು ಗಂಟೆ ಬೇಗ ಎಬ್ಬಿಸುತ್ತಾ ಬನ್ನಿ. ಮಧ್ಯಾಹ್ನದ ನಿದ್ದೆ ಒಂದು ಗಂಟೆ ಮೀರಬಾರದು, ಮೂರರ ನಂತರ ಮಲಗಿಸಬಾರದು. ಸಂಜೆ ಏಳರ ಮೇಲೆ ಟೀವಿ, ಫೋನ್ ಬೇಡ, ದೀಪ ಕಡಿಮೆ. ರಾತ್ರಿ ಎಚ್ಚರವಾಗಿ ಹಸಿವೆ ಅಂದರೆ ಒಂದು ಬಾಳೆಹಣ್ಣೋ, ಎರಡು ತುತ್ತು ಮೊಸರನ್ನವೋ ಮಂದ ಬೆಳಕಿನಲ್ಲೇ ತಿನ್ನಿಸಿ. ಹಾಲ್ ದೀಪ ಹಾಕಿ ಕಾರ್ಟೂನ್ ಹಚ್ಚಿದರೆ ಹಿಂದಿನ ಹಗಲು ಪಟ್ಟ ಕಷ್ಟ ನೀರಿಗೆ ಹೋಗುತ್ತದೆ.

ಊರಿಗೆ ಹೋಗಿಬಂದ ಮೇಲೆ ಈ ಅಭ್ಯಾಸ ನಿತ್ಯದ್ದಾಗುವುದು ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ. ಪ್ರತಿ ರಾತ್ರಿ ಒಂದು ಗಮ್ಮಿ, ಮಗು ಸುಮ್ನೆ ಮಲಗುತ್ತದೆ ಅಂತ. ಪ್ರೌಢಾವಸ್ಥೆಗೆ ಬರುವುದರಲ್ಲಿ ಹಾರ್ಮೋನುಗಳ ಪಾತ್ರ ದೊಡ್ಡದು. ವರ್ಷಗಟ್ಟಲೆ ಮೆಲಟೋನಿನ್ ಕೊಟ್ಟರೆ ಅದರ ಮೇಲೆ ಏನಾಗುತ್ತದೆ ಎಂದು ಹೇಳುವಷ್ಟು ದೀರ್ಘ ಅಧ್ಯಯನಗಳು ಆಗಿಲ್ಲ. ಸದ್ಯಕ್ಕೆ ಕಾಣುವ ತೊಂದರೆಗಳು ಬೆಳಗಿನ ಮಂಪರು, ತಲೆನೋವು, ಹಾಸಿಗೆಯಲ್ಲಿ ಉಚ್ಚೆ, ಕೆಲವು ಮಕ್ಕಳಲ್ಲಿ ಕಿರಿಕಿರಿ.

ನಿತ್ಯ ನಿದ್ದೆ ಬಾರದ ಮಗುವಿಗೆ ಕಾರಣ ಹುಡುಕಬೇಕು. ಹೆಚ್ಚಿನ ಮನೆಗಳಲ್ಲಿ ಅದು ಸಂಜೆ ಐದರ ನಿದ್ದೆ, ಹತ್ತರ ಊಟ, ಕೈಯಲ್ಲಿರುವ ಫೋನು. ಗೊರಕೆ ಹೊಡೆಯುತ್ತಾ ಬಾಯಿ ತೆರೆದು ಮಲಗುವ ಮಗುವಿಗೆ ಮೂಗಿನ ಹಿಂದಿರುವ ಅಡಿನಾಯ್ಡ್ ಊದಿರಬಹುದು. ರಾತ್ರಿ ಕಾಲು ಒದರುತ್ತಾ, "ಕಾಲು ಎಳೀತಿದೆ" ಅನ್ನುವ ಮಗುವಿಗೆ ಕಬ್ಬಿಣದ ಅಂಶ ಕಡಿಮೆ ಇರಬಹುದು, ನಮ್ಮಲ್ಲಿ ಅದು ಸಾಮಾನ್ಯ. ಫೆರಿಟಿನ್ ಎಂಬ ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಗಮ್ಮಿ ಕೊಟ್ಟು ಮಲಗಿಸಿದರೆ ಇವೆಲ್ಲ ಮರೆಯಾಗಿಬಿಡುತ್ತವೆ.

ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳ ವಿಷಯ ಬೇರೆ. ಅವರಲ್ಲಿ ಕೆಲವರಿಗೆ ಮೆಲಟೋನಿನ್ ನಿಜವಾಗಿ ಸಹಾಯ ಮಾಡುತ್ತದೆ. ಯುರೋಪಿನಲ್ಲಿ ಆಟಿಸಂ ಇರುವ ಮಕ್ಕಳಿಗೆಂದೇ ಒಪ್ಪಿಗೆ ಪಡೆದ ಮಾತ್ರೆ ಇದೆ. ಅಲ್ಲೂ ಮೊದಲು ಮಲಗುವ ಅಭ್ಯಾಸ ಸರಿಪಡಿಸಿ, ಆಮೇಲೆ ಮಕ್ಕಳ ಡಾಕ್ಟರು ಅರ್ಧ ಅಥವಾ ಒಂದು ಎಂಜಿಯಿಂದ ಶುರು ಮಾಡಿ, ಮಧ್ಯೆ ಮಧ್ಯೆ ನಿಲ್ಲಿಸಿ ನೋಡುತ್ತಾರೆ. ಆ ಲೆಕ್ಕವನ್ನು ಪಕ್ಕದ ಮನೆಯ ಮಗುವಿಗೆ ಹಚ್ಚಬೇಡಿ. ಮೂರು ವರ್ಷದೊಳಗಿನ ಮಕ್ಕಳಿಗಂತೂ ಡಾಕ್ಟರು ಹೇಳದೆ ಮುಟ್ಟಿಸಲೇಬೇಡಿ.

ದೊಡ್ಡವರ ನಿತ್ಯದ ನಿದ್ದೆಗೆ?

ಇದನ್ನೂ ಕೇಳುತ್ತಾರೆ. ಸಾಮಾನ್ಯ ನಿದ್ರಾಹೀನತೆಯಲ್ಲಿ ಮೆಲಟೋನಿನ್ ನಿದ್ದೆ ಹತ್ತುವುದನ್ನು ಸರಾಸರಿ ಏಳು ನಿಮಿಷದಷ್ಟು ಬೇಗ ಮಾಡುತ್ತದೆ, ಅಷ್ಟೇ. ಅಮೆರಿಕದ ನಿದ್ದೆ ತಜ್ಞರ ಸಂಘ 2017ರಲ್ಲಿ ಈ ಕಾರಣಕ್ಕೆ ಇದನ್ನು ಕೊಡದಿರುವುದೇ ಒಳ್ಳೆಯದು ಎಂದು ಹೇಳಿತು. ಮೂರು ತಿಂಗಳಿಂದ ನಿದ್ದೆ ಕೆಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಿ. ರಾತ್ರಿ ಎರಡು-ಮೂರಕ್ಕೇ ನಿದ್ದೆ ಬಂದು, ಬಿಟ್ಟರೆ ಹತ್ತರವರೆಗೆ ಚೆನ್ನಾಗಿ ಮಲಗುವವರಿಗೆ ಮಾತ್ರ ಇದು ಸ್ವಲ್ಪ ಕೆಲಸಕ್ಕೆ ಬರಬಹುದು. ಅವರ ತೊಂದರೆಯೂ ಗಡಿಯಾರದ್ದೇ.

ಮನೆಯಲ್ಲಿ ಇಡುವುದು ಹೇಗೆ

ಉಳಿದ ಶೀಟನ್ನು ಡೈನಿಂಗ್ ಟೇಬಲ್ಲಿನ ಮೇಲಿಡಬೇಡಿ, ಸೂಟ್‌ಕೇಸಿನ ಹೊರಜೇಬಿನಲ್ಲೂ ಇಡಬೇಡಿ. ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ ಮಕ್ಕಳು ಮೆಲಟೋನಿನ್ ನುಂಗಿದ ವರದಿಗಳು 2012ರಲ್ಲಿ ಎಂಟು ಸಾವಿರ ಚಿಲ್ಲರೆ ಇದ್ದವು, 2021ರಲ್ಲಿ ಐವತ್ತೆರಡು ಸಾವಿರ ದಾಟಿದವು. ಹೆಚ್ಚಿನವು ಐದು ವರ್ಷದೊಳಗಿನ ಮಕ್ಕಳು ಮನೆಯಲ್ಲೇ ತಾವಾಗಿ ಎತ್ತಿಕೊಂಡು ತಿಂದವು. ಹೆಚ್ಚಿನ ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಆ ಹತ್ತು ವರ್ಷದಲ್ಲಿ ಐದು ಮಕ್ಕಳಿಗೆ ಉಸಿರಾಟದ ಯಂತ್ರ ಬೇಕಾಯಿತು, ಇಬ್ಬರು ತೀರಿಕೊಂಡರು. ಗಮ್ಮಿ ನೋಡಲು ಚಾಕೊಲೇಟಿನ ಅಂಗಡಿಯ ಜೆಲ್ಲಿಯ ಹಾಗೇ ಇರುತ್ತದೆ. ಮಗು ಒಂದಕ್ಕೆ ನಿಲ್ಲಿಸುವುದಿಲ್ಲ.

ತಿಂದುಬಿಟ್ಟಿದೆ ಅಂತ ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಎಷ್ಟು ಉಳಿದಿವೆ ಎಣಿಸಿ, ಎಷ್ಟು ಹೊತ್ತಾಯಿತು ನೋಡಿ, ಬಾಟಲಿ ಅಥವಾ ಶೀಟ್ ಕೈಯಲ್ಲಿ ಹಿಡಿದು ಮಗುವನ್ನು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕರೆದರೆ ಕಣ್ಣು ಬಿಡುತ್ತಿಲ್ಲ, ಉಸಿರು ನಿಧಾನವಾಗಿದೆ, ತುಟಿ ನೀಲಿಯಾಗಿದೆ ಅನ್ನಿಸಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿರಿ, ಬಾಯಿಗೆ ಏನನ್ನೂ ಹಾಕಬೇಡಿ.